ಪೇಸ್ಟ್ ಮಾಡಿದ ಪಟ್ಟಿಗೆ ಸರಿಯಾದ ಮಟ್ಟ

ಮಾರ್ಕ್‌ಡೌನ್‌ನಲ್ಲಿ ಪಟ್ಟಿ ಬರೆಯಲು ಬೇಕಾದದ್ದು ಎರಡೇ: ಸಾಲಿನ ಆರಂಭದಲ್ಲಿ ಒಂದು ಗುರುತು, ಆ ಗುರುತಿನ ಮೊದಲು ಬಿಡುವ ಖಾಲಿ ಜಾಗ. ಹೈಫನ್, ನಕ್ಷತ್ರ ಅಥವಾ ಪ್ಲಸ್ ಚಿಹ್ನೆ ಹಾಕಿ ಒಂದು ಸ್ಪೇಸ್ ಬಿಟ್ಟು ಬರೆದರೆ ಅದು ಪಟ್ಟಿಯ ಅಂಶವಾಗುತ್ತದೆ. ಆ ಗುರುತಿನ ಎಡಕ್ಕೆ ಎಷ್ಟು ಸ್ಪೇಸ್ ಇದೆ ಎಂಬುದರ ಮೇಲೆ ಅಂಶವು ಮೇಲಿನ ಮಟ್ಟದ್ದೋ, ಯಾವುದಾದರೊಂದು ಅಂಶದ ಒಳಗಿನದ್ದೋ ಎಂದು ತೀರ್ಮಾನವಾಗುತ್ತದೆ. ಈ ಖಾಲಿ ಜಾಗಕ್ಕೆ ಇಂಡೆಂಟ್ ಎನ್ನುತ್ತಾರೆ. ಕೈಯಾರೆ ಬರೆದ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ವರ್ಡ್ ಕಡತದಿಂದಲೋ, ಇಮೇಲಿನಿಂದಲೋ, ಪಿಡಿಎಫ್‌ನಿಂದಲೋ ಎತ್ತಿ ತಂದು ಪೇಸ್ಟ್ ಮಾಡಿದ ಪಟ್ಟಿಯಲ್ಲಿ ಮಾತ್ರ ಒಂದು ಸಾಲು ಮೂರು ಸ್ಪೇಸ್ ಒಳಗೆ, ಇನ್ನೊಂದು ಐದು, ಮತ್ತೊಂದು ಒಂದು ಟ್ಯಾಬ್ ಒಳಗೆ ಬಂದು ಕೂರುತ್ತವೆ. ಕಣ್ಣಿಗೆ ಎಲ್ಲವೂ ಸುಮಾರಾಗಿ ಸರಿ ಎನಿಸಿದರೂ ಮಾರ್ಕ್‌ಡೌನ್ ಓದುವ ತಂತ್ರಾಂಶ ಅವನ್ನು ಬೇರೆಯೇ ರೀತಿ ಅರ್ಥ ಮಾಡಿಕೊಳ್ಳುತ್ತದೆ.

ಇದಕ್ಕೆ ಮೂಲ ಕಾರಣ ವರ್ಡ್‌ನಂಥ ತಂತ್ರಾಂಶಗಳು ಪಟ್ಟಿಯನ್ನು ಇಟ್ಟುಕೊಳ್ಳುವ ಬಗೆಯಲ್ಲಿದೆ. ಅಲ್ಲಿ ಒಂದು ಅಂಶ ಎಷ್ಟನೆಯ ಮಟ್ಟದ್ದು ಎಂಬ ಮಾಹಿತಿ ಆ ಪ್ಯಾರಾದ ಗುಣವಾಗಿ ಕಡತದೊಳಗೆ ದಾಖಲಾಗಿರುತ್ತದೆ. ತೆರೆಯ ಮೇಲೆ ಕಾಣುವ ಖಾಲಿ ಜಾಗ ಆ ದಾಖಲೆಯ ಚಿತ್ರವಷ್ಟೇ, ಅಲ್ಲಿ ನಿಜವಾದ ಸ್ಪೇಸ್ ಅಕ್ಷರಗಳು ಇರುವುದಿಲ್ಲ. ಬರಿಯ ಪಠ್ಯವಾಗಿ ನಕಲಿಸಿದಾಗ ಈ ಗುಣ ಹಿಂದೆಯೇ ಉಳಿದುಬಿಡುತ್ತದೆ. ಕೆಲವೊಮ್ಮೆ ಅದರ ಬದಲಿಗೆ ಒಂದು ಟ್ಯಾಬ್ ಬರುತ್ತದೆ, ಕೆಲವೊಮ್ಮೆ ಏನೂ ಬರುವುದಿಲ್ಲ. ಆಮೇಲೆ ಪಟ್ಟಿ ಕೈಯಿಂದ ಕೈಗೆ ಹೋಗುವಾಗ ಒಬ್ಬರು ಟ್ಯಾಬ್ ಒತ್ತುತ್ತಾರೆ, ಇನ್ನೊಬ್ಬರು ಸ್ಪೇಸ್ ಒತ್ತಿ ಕಣ್ಣಳತೆಯಲ್ಲಿ ಜೋಡಿಸುತ್ತಾರೆ. ಅಕ್ಷರಕ್ಕೊಂದು ಅಗಲವಿರುವ ಸಾಮಾನ್ಯ ಫಾಂಟಿನಲ್ಲಿ ಒಂದು ಸ್ಪೇಸ್ ತೀರಾ ಕಿರಿದಾಗಿ ಕಾಣುವುದರಿಂದ ಐದು ಸ್ಪೇಸ್‌ಗೂ ಆರು ಸ್ಪೇಸ್‌ಗೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ತೊಡಕು ಮಾರ್ಕ್‌ಡೌನ್‌ನದ್ದೇ. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಪ್ರಕಟಿಸಿದಾಗ ಬರೆದ ನಿಯಮಗಳಲ್ಲಿ, ಒಂದು ಅಂಶದ ಮುಂದುವರಿದ ಪ್ಯಾರಾಕ್ಕೆ ನಾಲ್ಕು ಸ್ಪೇಸ್ ಅಥವಾ ಒಂದು ಟ್ಯಾಬ್ ಬಿಡಬೇಕು ಎಂದಿತ್ತು. ಒಳಪಟ್ಟಿಗೆ ಎಷ್ಟು ಬಿಡಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಹಾಗಾಗಿ ಒಂದೊಂದು ತಂತ್ರಾಂಶ ಒಂದೊಂದು ಅರ್ಥ ಮಾಡಿಕೊಂಡಿತು. ಈ ಗೊಂದಲ ನಿವಾರಿಸಲೆಂದೇ 2014ರಲ್ಲಿ ಕಾಮನ್‌ಮಾರ್ಕ್ ಎಂಬ ವಿವರವಾದ ನಿಯಮಾವಳಿ ಬಂತು. ಈಗ ಬಹುಪಾಲು ಕಡೆ, ಗಿಟ್‌ಹಬ್‌ನಲ್ಲೂ, ನಡೆಯುವುದು ಇದೇ ನಿಯಮ.

ಕಾಮನ್‌ಮಾರ್ಕ್‌ನ ನಿಯಮ ಒಮ್ಮೆ ತಿಳಿದರೆ ಮರೆಯುವಂಥದ್ದಲ್ಲ. ಮೇಲಿನ ಅಂಶದಲ್ಲಿ ಪಠ್ಯ ಎಲ್ಲಿಂದ ಶುರುವಾಗಿದೆಯೋ, ಒಳಗಿನ ಅಂಶದ ಗುರುತು ಕನಿಷ್ಠ ಅಷ್ಟು ದೂರದಲ್ಲಿರಬೇಕು. ಹೈಫನ್ ಒಂದು ಸ್ಥಾನ, ಅದರ ಪಕ್ಕದ ಸ್ಪೇಸ್ ಇನ್ನೊಂದು. ಹಾಗಾಗಿ ಪಠ್ಯ ಎರಡು ಸ್ಥಾನ ದಾಟಿ ಆರಂಭವಾಗುತ್ತದೆ, ಒಳಗಿನ ಹೈಫನ್‌ಗೆ ಎರಡು ಸ್ಪೇಸ್ ಬೇಕು. ಒಂದೇ ಸ್ಪೇಸ್ ಇದ್ದರೆ ಅದು ಒಳಗೆ ಹೋಗುವುದಿಲ್ಲ, ಅಕ್ಕಪಕ್ಕದ ಅಂಶವಾಗಿಯೇ ಉಳಿಯುತ್ತದೆ. ಮೇಲ್ಮಿತಿಯೂ ಒಂದಿದೆ. ಪಠ್ಯ ಶುರುವಾಗುವ ಸ್ಥಾನದಿಂದ ನಾಲ್ಕು ಅಥವಾ ಹೆಚ್ಚು ಸ್ಪೇಸ್ ಮುಂದಕ್ಕೆ ಹೋದರೆ ಆ ಹೈಫನ್ ಪಟ್ಟಿಯ ಗುರುತೇ ಅಲ್ಲವೆಂದಾಗುತ್ತದೆ. ಇಡೀ ಸಾಲು ಹಿಂದಿನ ಸಾಲಿನ ಬಾಲವಾಗಿ ಅಂಟಿಕೊಳ್ಳುತ್ತದೆ. ನಡುವೆ ಖಾಲಿ ಸಾಲು ಬಂದಿದ್ದರಂತೂ ಅದು ಬೂದು ಹಿನ್ನೆಲೆಯ ಕೋಡ್ ತುಣುಕಾಗಿ ಕಾಣಿಸಿಕೊಳ್ಳಬಹುದು.

ಕನ್ನಡ ಓದುಗರಿಗೆ ತಪ್ಪು ಥಟ್ಟನೆ ಗೊತ್ತಾಗುವಂಥ ಒಂದು ಪಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಂದಾಯ ವಿಭಾಗ, ಅದರೊಳಗೆ ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು, ಹೀಗೆ ಮೂರು ಮಟ್ಟದ ಪಟ್ಟಿ ಪೇಸ್ಟ್ ಆದ ಮೇಲೆ ಇಂತಿದೆ ಎಂದುಕೊಳ್ಳೋಣ:

```
• ಬೆಳಗಾವಿ ವಿಭಾಗ
  • ಉತ್ತರ ಕನ್ನಡ
     • ಶಿರಸಿ
      • ಕುಮಟಾ
   • ಧಾರವಾಡ
         • ಕುಂದಗೋಳ
 • ಬೆಂಗಳೂರು ವಿಭಾಗ
    • ಶಿವಮೊಗ್ಗ
       • ಸಾಗರ
     • ಸೊರಬ
```

ಇದನ್ನು ಹೀಗೇ ಬಿಟ್ಟರೆ ಪಟ್ಟಿಯೇ ಆಗುವುದಿಲ್ಲ. ಉಂಡೆಯಾಕಾರದ ಈ ಬುಲೆಟ್ ಮಾರ್ಕ್‌ಡೌನ್ ಗುರುತಿಸುವ ಚಿಹ್ನೆಯಲ್ಲ; ಹತ್ತೂ ಸಾಲುಗಳು ಒಂದೇ ಪ್ಯಾರಾದಲ್ಲಿ ಸಾಲಾಗಿ ಸೇರಿಕೊಳ್ಳುತ್ತವೆ. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಬುಲೆಟ್ ಇದ್ದಲ್ಲೆಲ್ಲ ಹೈಫನ್ ಹಾಕುವುದು. ಹಾಗೆ ಮಾಡಿದರೆ ಹತ್ತರಲ್ಲಿ ಎಂಟು ಸಾಲುಗಳು ತಮ್ಮ ಜಾಗದಲ್ಲೇ ಕೂರುತ್ತವೆ. ಉಳಿದೆರಡು ಹಾಳಾಗುವ ಬಗೆ ಮಾತ್ರ ಒಂದಕ್ಕೊಂದು ಬೇರೆ, ಆ ಭೇದವನ್ನು ನಿಧಾನವಾಗಿ ನೋಡಬೇಕು.

ಮೊದಲನೆಯದು ಕುಂದಗೋಳ. ಧಾರವಾಡದ ಹಿಂದೆ ಮೂರು ಸ್ಪೇಸ್ ಇದೆ, ಹೈಫನ್ ಮತ್ತು ಅದರ ಸ್ಪೇಸ್ ಸೇರಿ ಅದರ ಪಠ್ಯ ಐದು ಸ್ಥಾನ ದಾಟಿ ಶುರುವಾಗುತ್ತದೆ. ಕುಂದಗೋಳದ ಹಿಂದೆ ಒಂಬತ್ತು ಸ್ಪೇಸ್ ಇದೆ. ಒಂಬತ್ತರಲ್ಲಿ ಐದು ಕಳೆದರೆ ನಾಲ್ಕು, ಮಿತಿ ದಾಟಿತು. ಫಲವಾಗಿ ಪುಟದಲ್ಲಿ ‘ಧಾರವಾಡ - ಕುಂದಗೋಳ’ ಎಂದು ಒಂದೇ ಅಂಶ ಕಾಣುತ್ತದೆ. ಸಾಲಿನ ಮಧ್ಯದಲ್ಲಿ ಹೈಫನ್ ಉಳಿದುಬಿಟ್ಟಿರುವುದೇ ಈ ತಪ್ಪಿನ ಕುರುಹು. ನೋಡಿದವರಿಗೆ ಏನೋ ಎಡವಟ್ಟಾಗಿದೆ ಎಂದು ಕೂಡಲೇ ತಿಳಿಯುತ್ತದೆ.

ಎರಡನೆಯದು ಸೊರಬ. ಶಿವಮೊಗ್ಗದ ಹಿಂದೆ ನಾಲ್ಕು ಸ್ಪೇಸ್, ಅದರ ಪಠ್ಯ ಆರರಿಂದಾಚೆ. ಸೊರಬದ ಹಿಂದೆ ಇರುವುದು ಐದೇ. ಒಂದು ಸ್ಪೇಸ್ ಕಡಿಮೆ ಬಿದ್ದದ್ದರಿಂದ ಅದು ಶಿವಮೊಗ್ಗದ ಒಳಗೆ ಹೋಗುವುದಿಲ್ಲ, ಶಿವಮೊಗ್ಗದ ಸಮಕ್ಕೆ ಬಂದು ನಿಲ್ಲುತ್ತದೆ. ಅಂದರೆ ಪಟ್ಟಿಯ ಪ್ರಕಾರ ಸೊರಬ ಒಂದು ಜಿಲ್ಲೆ. ಇಲ್ಲಿ ಎಲ್ಲೂ ಹೈಫನ್ ಉಳಿದಿಲ್ಲ, ಬುಲೆಟ್ ಸೊಗಸಾಗಿದೆ, ಸಾಲು ನೇರವಾಗಿದೆ. ಕರ್ನಾಟಕದ ಭೂಗೋಳ ಗೊತ್ತಿಲ್ಲದ ಯಾರೇ ಆಗಲಿ ಇದನ್ನು ಸರಿಯೆಂದೇ ಓದಿಕೊಂಡು ಹೋಗುತ್ತಾರೆ. ಇಂಡೆಂಟ್ ತಪ್ಪುಗಳಲ್ಲಿ ನಿಜಕ್ಕೂ ಅಪಾಯಕಾರಿಯಾದದ್ದು ಇದೇ ಬಗೆ: ರೂಪ ಕೆಡದೆ ಅರ್ಥ ಕೆಡುವಂಥದ್ದು. ಕಚೇರಿಯ ಕಾರ್ಯವಿಧಾನದಲ್ಲೋ, ಔಷಧಿಯ ಸೂಚನೆಗಳಲ್ಲೋ ಒಂದು ಷರತ್ತು ಹೀಗೆ ತನ್ನ ಮೇಲಿನ ಅಂಶದಿಂದ ಜಾರಿ ಹೊರಬಂದರೆ ಅದು ಎಲ್ಲಕ್ಕೂ ಅನ್ವಯಿಸುವ ನಿಯಮದಂತೆ ಕಾಣುತ್ತದೆ.

ಆದ್ದರಿಂದ ದುರಸ್ತಿ ಮಾಡುವಾಗ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಪ್ರತಿ ಸಾಲು ಎಷ್ಟನೆಯ ಮಟ್ಟದ್ದು ಎಂದು ನಿರ್ಧರಿಸುವುದು ಒಂದು. ಆ ಮಟ್ಟಕ್ಕೆ ತಕ್ಕ ಸ್ಪೇಸ್ ಹಾಕುವುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಮಾಡಲು ಹೊರಟು, ಒಂದೊಂದು ಸಾಲಿಗೂ ಸ್ಪೇಸ್ ಸೇರಿಸುತ್ತ ಅಳಿಸುತ್ತ ಹೋದರೆ ಉದ್ದದ ಪಟ್ಟಿಯಲ್ಲಿ ಹೊಸ ತಪ್ಪುಗಳು ಸೇರುವುದು ಖಂಡಿತ.

ಮಟ್ಟ ನಿರ್ಧರಿಸುವ ಮೊದಲು ಪಟ್ಟಿಯಲ್ಲಿರುವ ಯಾವ ಸುಳಿವನ್ನೂ ಅಳಿಸಬಾರದು. ಸುಳಿವು ಎರಡು ಕಡೆ ಇರುತ್ತದೆ: ಖಾಲಿ ಜಾಗದಲ್ಲಿ ಮತ್ತು ಗುರುತಿನ ಆಕಾರದಲ್ಲಿ. ವರ್ಡ್‌ನ ಸಾಮಾನ್ಯ ಬುಲೆಟ್ ಪಟ್ಟಿಯಲ್ಲಿ ಮೊದಲ ಮಟ್ಟಕ್ಕೆ ತುಂಬಿದ ಉಂಡೆ, ಎರಡನೆಯದಕ್ಕೆ ಇಂಗ್ಲಿಷಿನ ಸಣ್ಣ `o` ಅಕ್ಷರದ ರೂಪದ ಬಳೆ, ಮೂರನೆಯದಕ್ಕೆ ಚಿಕ್ಕ ಚೌಕ ಇರುತ್ತದೆ. ಪೇಸ್ಟ್ ಮಾಡಿದಾಗ ಸ್ಪೇಸ್ ಪೂರ್ತಿ ಕಳೆದುಹೋಗಿದ್ದರೂ ಈ ಆಕಾರಗಳು ಉಳಿದಿದ್ದರೆ ಮಟ್ಟಗಳನ್ನು ಅವುಗಳಿಂದಲೇ ಓದಿಕೊಳ್ಳಬಹುದು. ಶುಚಿಗೊಳಿಸುವ ಉತ್ಸಾಹದಲ್ಲಿ ಮೊದಲೇ ಎಲ್ಲವನ್ನೂ ಹೈಫನ್ ಮಾಡಿಬಿಟ್ಟರೆ ಆ ಏಕೈಕ ಸಾಕ್ಷ್ಯವೂ ಹೋಗುತ್ತದೆ. ಆಕಾರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಈ ಮೂರು ಚಿಹ್ನೆಗಳು ಸರದಿಯಂತೆ ಮರಳಿ ಬರುವುದರಿಂದ ನಾಲ್ಕನೆಯ ಮಟ್ಟದಲ್ಲಿ ಮತ್ತೆ ತುಂಬಿದ ಉಂಡೆಯೇ ಕಾಣಿಸುತ್ತದೆ. ಚೌಕದ ಬೆನ್ನಿಗೇ ಉಂಡೆ ಬಂದರೆ ಅದು ಮೊದಲ ಮಟ್ಟಕ್ಕೆ ವಾಪಸಾದದ್ದೋ, ನಾಲ್ಕನೆಯದಕ್ಕೆ ಇಳಿದದ್ದೋ ಎಂಬುದನ್ನು ಅರ್ಥ ನೋಡಿಯೇ ಹೇಳಬೇಕು.

ಅಳತೆ ಶುರುಮಾಡುವ ಮೊದಲು ಒಂದು ಬದಲಾವಣೆ ಮಾತ್ರ ಅಗತ್ಯ, ಅದು ಎಲ್ಲ ಖಾಲಿ ಜಾಗವನ್ನೂ ಒಂದೇ ಬಗೆಯ ಸ್ಪೇಸ್‌ಗೆ ತರುವುದು. ಟ್ಯಾಬ್ ಎಂದರೆ ನಿಗದಿತ ಸಂಖ್ಯೆಯ ಸ್ಪೇಸ್ ಅಲ್ಲ. ಮಾರ್ಕ್‌ಡೌನ್ ಅದನ್ನು ನಾಲ್ಕರ ಮುಂದಿನ ಗುಣಕದವರೆಗಿನ ಜಿಗಿತವೆಂದು ಎಣಿಸುತ್ತದೆ. ಎರಡು ಸ್ಪೇಸ್ ಆದ ಮೇಲೆ ಬಂದ ಟ್ಯಾಬ್ ಆರಕ್ಕಲ್ಲ, ನಾಲ್ಕಕ್ಕೆ ಒಯ್ಯುತ್ತದೆ. ವೆಬ್ ಪುಟಗಳಿಂದ ತಂದ ಪಠ್ಯದಲ್ಲಿ ಇನ್ನೊಂದು ಅಕ್ಷರ ಅಡಗಿರುತ್ತದೆ. ಸಾಲು ಮುರಿಯದಂತೆ ತಡೆಯುವ ಈ ಸ್ಪೇಸ್ ನೋಡಲು ಮಾಮೂಲಿ ಸ್ಪೇಸ್‌ನಂತೆಯೇ ಇದ್ದರೂ ಅದರ ಸಂಕೇತ ಬೇರೆ, `U+00A0`. ಕಾಮನ್‌ಮಾರ್ಕ್ ಇದನ್ನು ಇಂಡೆಂಟ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೈಫನ್ ಪಕ್ಕದಲ್ಲಿ ಇದೇ ಇದ್ದರೆ ಆ ಸಾಲು ಪಟ್ಟಿಯ ಅಂಶವೂ ಆಗುವುದಿಲ್ಲ. ಸ್ಪೇಸ್ ಇದ್ದೂ ಪಟ್ಟಿ ಆಗುತ್ತಿಲ್ಲ ಎಂಬ ಒಗಟಿನ ಹಿಂದೆ ಹಲವು ಸಲ ಇರುವುದು ಇದೇ. ವಿಎಸ್ ಕೋಡ್‌ನಂಥ ಎಡಿಟರ್‌ನಲ್ಲಿ ಹುಡುಕುವ ಕಿಟಕಿಯನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಕ್ರಮಕ್ಕೆ ಹಾಕಿ `\u00A0` ಎಂದು ಹುಡುಕಿ, ಅದರ ಜಾಗಕ್ಕೆ ಮಾಮೂಲಿ ಸ್ಪೇಸ್ ಹಾಕಿದರೆ ಮುಗಿಯಿತು. ಟ್ಯಾಬ್‌ಗಳಿಗೆ ಅದೇ ಎಡಿಟರ್‌ನಲ್ಲಿ `Convert Indentation to Spaces` ಎಂಬ ಆಜ್ಞೆ ಇದೆ.

ಕನ್ನಡ ಪಠ್ಯಕ್ಕೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುವ ಸಾಧನಗಳಿವೆ. ಅವು ಶೂನ್ಯ ಅಗಲದ ಜೋಡಿತಡೆಯನ್ನೂ, ಅಂದರೆ `U+200C` ಅನ್ನೂ, ಕಸವೆಂದು ಗುಡಿಸಿಬಿಡುತ್ತವೆ. ಕನ್ನಡದಲ್ಲಿ ಅದು ಕಸವಲ್ಲ, ಬರವಣಿಗೆಯ ಭಾಗ. ಅದು ಹೋದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿ ಒತ್ತಕ್ಷರಕ್ಕೆ ತಿರುಗುತ್ತದೆ, ‘ಮಾರ್ಕ್‌ಡೌನ್’ ಎಂಬ ಪದವೇ ವಿಚಿತ್ರವಾಗಿ ಮುದ್ದೆಯಾಗುತ್ತದೆ. ಪಟ್ಟಿ ಸರಿಯಾಗಿ ಪದಗಳು ಕೆಟ್ಟರೆ ಏನೂ ಸಾಧಿಸಿದಂತಾಗಲಿಲ್ಲ. ಬದಲಿಸಬೇಕಾದ ಅಕ್ಷರವನ್ನು ಹೆಸರಿಟ್ಟು ಹುಡುಕಿ ಅದೊಂದನ್ನೇ ಬದಲಿಸುವುದು ಸರಿಯಾದ ದಾರಿ.

ಇನ್ನು ಅಳತೆ. ಮೇಲಿನ ಉದಾಹರಣೆಯ ಹತ್ತು ಸಾಲುಗಳ ಹಿಂದಿರುವ ಸ್ಪೇಸ್‌ಗಳನ್ನು ಕ್ರಮವಾಗಿ ಎಣಿಸಿದರೆ 0, 2, 5, 6, 3, 9, 1, 4, 7, 5 ಎಂದು ಬರುತ್ತದೆ. ಪ್ರತಿ ಸಂಖ್ಯೆಯನ್ನೂ ಅದರದ್ದೇ ಮಟ್ಟ ಎಂದುಕೊಂಡರೆ ಒಂಬತ್ತು ಬೇರೆಬೇರೆ ಮಟ್ಟಗಳಾಗುತ್ತವೆ, ಅದು ಅಸಂಬದ್ಧ. ಸಂಖ್ಯೆಯನ್ನು ಒಂಟಿಯಾಗಿ ನೋಡದೆ ಹಿಂದಿನ ಸಾಲುಗಳ ಜೊತೆ ಹೋಲಿಸಬೇಕು. ಹಿಂದಿನ ಸಾಲಿಗಿಂತ ಎರಡು ಅಥವಾ ಹೆಚ್ಚು ಸ್ಪೇಸ್ ಒಳಗಿದ್ದರೆ ಒಂದು ಮಟ್ಟ ಇಳಿದಂತೆ. ಎಷ್ಟೇ ಹೆಚ್ಚಿದ್ದರೂ ಒಂದೇ ಮಟ್ಟ, ಏಕೆಂದರೆ ನಡುವೆ ಅಂಶವಿಲ್ಲದೆ ಎರಡು ಮಟ್ಟ ಇಳಿಯುವುದಕ್ಕೆ ಅರ್ಥವಿಲ್ಲ. ಒಂದೇ ಸ್ಪೇಸ್ ಹೆಚ್ಚಿದ್ದರೆ ಅದನ್ನು ಕೈತಪ್ಪೆಂದು ಬಿಟ್ಟು ಅದೇ ಮಟ್ಟ ಎನ್ನಬಹುದು. ಕಡಿಮೆಯಾಗಿದ್ದರೆ, ಪ್ರತಿ ಮಟ್ಟದಲ್ಲಿ ಕೊನೆಯದಾಗಿ ಬಂದ ಸಾಲಿನ ಅಳತೆಗಳಲ್ಲಿ ಯಾವುದಕ್ಕೆ ಹತ್ತಿರವೋ ಆ ಮಟ್ಟ.

ಈ ಲೆಕ್ಕದಂತೆ ಬೆಳಗಾವಿ ವಿಭಾಗ 0. ಉತ್ತರ ಕನ್ನಡ ಎರಡು ಸ್ಪೇಸ್ ಒಳಗೆ, ಮಟ್ಟ 1. ಶಿರಸಿ ಇನ್ನೂ ಮೂರು ಒಳಗೆ, ಮಟ್ಟ 2. ಕುಮಟಾ ಶಿರಸಿಗಿಂತ ಒಂದೇ ಹೆಚ್ಚು, ಆದ್ದರಿಂದ ಅದೂ 2. ಧಾರವಾಡದ ಮೂರು ಸ್ಪೇಸ್ ಉತ್ತರ ಕನ್ನಡದ ಎರಡಕ್ಕೆ ಹತ್ತಿರ, ಮಟ್ಟ 1. ಕುಂದಗೋಳ ಆರು ಸ್ಪೇಸ್ ಒಳಗೆ ಹೋಗಿದ್ದರೂ ಒಂದೇ ಮಟ್ಟ ಇಳಿದದ್ದು, ಅಂದರೆ 2. ಬೆಂಗಳೂರು ವಿಭಾಗದ ಒಂದು ಸ್ಪೇಸ್ ಧಾರವಾಡದ ಮೂರಕ್ಕಿಂತ ಬೆಳಗಾವಿಯ ಸೊನ್ನೆಗೆ ಹತ್ತಿರ, ಮಟ್ಟ 0. ಶಿವಮೊಗ್ಗ 1, ಸಾಗರ 2. ಕೊನೆಗೆ ಉಳಿದದ್ದು ಸೊರಬ. ಅದರ ಐದು ಸ್ಪೇಸ್ ಸಾಗರದ ಏಳಕ್ಕಿಂತ ಶಿವಮೊಗ್ಗದ ನಾಲ್ಕಕ್ಕೆ ಹತ್ತಿರ. ಲೆಕ್ಕ ಹೇಳುವ ಉತ್ತರ 1. ಅದು ತಪ್ಪು.

ಅಳತೆಯ ಶಕ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಸ್ಪೇಸ್ ತಾನೇ ತಪ್ಪಾಗಿದ್ದಾಗ ಅದನ್ನು ಎಷ್ಟು ಜಾಣತನದಿಂದ ಎಣಿಸಿದರೂ ಸರಿಯುತ್ತರ ಸಿಗುವುದಿಲ್ಲ. ಸೊರಬ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಎಂಬ ತಿಳಿವಳಿಕೆಯೊಂದೇ ಅದನ್ನು ಎರಡನೆಯ ಮಟ್ಟಕ್ಕೆ ಕಳಿಸಬಲ್ಲದು. ಹಾಗೆಂದು ಎಲ್ಲ ಸಾಲುಗಳ ಅರ್ಥವನ್ನೂ ಕೆದಕುತ್ತ ಕೂರಬೇಕಾಗಿಲ್ಲ. ಅಳತೆಯಿಂದ ಬಂದ ಮಟ್ಟವನ್ನು ಬರೆದಿಟ್ಟುಕೊಂಡು, ಹಿಂದಿನ ಯಾವ ಅಳತೆಗೂ ಸರಿಹೊಂದದೆ ನಡುವೆ ಬಿದ್ದ ಸಾಲುಗಳನ್ನಷ್ಟೇ ಓದಿ ನೋಡಿದರೆ ಸಾಕಾಗುತ್ತದೆ. ಈ ಪಟ್ಟಿಯಲ್ಲಿ ಅಂಥವು ನಾಲ್ಕು: ಕುಮಟಾ, ಧಾರವಾಡ, ಬೆಂಗಳೂರು ವಿಭಾಗ, ಸೊರಬ. ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಮೇಲಿನದರ ಒಂದು ಭಾಗವೇ ಅಥವಾ ಮೇಲಿನದರ ಜೊತೆಗಾರನೇ ಎಂಬುದು. ವಿಷಯ ಪರಿಚಿತವಲ್ಲದಿದ್ದರೆ ಊಹಿಸುವುದಕ್ಕಿಂತ ಮೂಲ ಕಡತವನ್ನು ತೆರೆದು ನೋಡುವುದೇ ಲೇಸು.

ಮಟ್ಟಗಳು ನಿಶ್ಚಯವಾದ ಮೇಲೆ ಹಳೆಯ ಸ್ಪೇಸ್ ಮತ್ತು ಬುಲೆಟ್‌ಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಮಟ್ಟದ ಸಂಖ್ಯೆಯನ್ನೇ ಬರೆಯುವುದು ಅನುಕೂಲ. ಪಠ್ಯದಲ್ಲಿ ಬೇರೆಲ್ಲೂ ಬಾರದ ಚಿಹ್ನೆಯೊಂದನ್ನು ಸಂಖ್ಯೆಯ ಮುಂದೆ ಇಡಬೇಕು:

```
@0 ಬೆಳಗಾವಿ ವಿಭಾಗ
@1 ಉತ್ತರ ಕನ್ನಡ
@2 ಶಿರಸಿ
@2 ಕುಮಟಾ
@1 ಧಾರವಾಡ
@2 ಕುಂದಗೋಳ
@0 ಬೆಂಗಳೂರು ವಿಭಾಗ
@1 ಶಿವಮೊಗ್ಗ
@2 ಸಾಗರ
@2 ಸೊರಬ
```

ಈ ರೂಪದಲ್ಲಿ ಪರಿಶೀಲನೆ ಬಹಳ ಸುಲಭ. ಮೊದಲ ಸಾಲು ಸೊನ್ನೆಯಾಗಿರಬೇಕು. ಒಂದು ಸಾಲಿನಿಂದ ಮುಂದಿನದಕ್ಕೆ ಸಂಖ್ಯೆ ಏರಿದರೆ ಒಂದರಷ್ಟೇ ಏರಬೇಕು. ಇಳಿಯುವಾಗ ಎಷ್ಟಾದರೂ ಇಳಿಯಬಹುದು. ಸೊನ್ನೆಯ ಬೆನ್ನಿಗೇ ಎರಡು ಬಂದಿದ್ದರೆ ನಡುವಿನ ಅಂಶವೊಂದು ಪೇಸ್ಟ್ ಮಾಡುವಾಗ ಬಿಟ್ಟುಹೋಗಿರಬೇಕು, ಇಲ್ಲವೇ ಮಟ್ಟ ತಪ್ಪಾಗಿ ಓದಿರಬೇಕು. ಪಿಡಿಎಫ್‌ನಿಂದ ತಂದಿದ್ದರೆ ಉದ್ದದ ಅಂಶವೊಂದು ಎರಡು ಸಾಲಾಗಿ ಮುರಿದು, ಎರಡನೆಯ ಅರ್ಧ ಬುಲೆಟ್ ಇಲ್ಲದೆ ನಿಂತಿರುವುದುಂಟು. ಅದಕ್ಕೆ ಮಟ್ಟ ಕೊಡದೆ ಹಿಂದಿನ ಸಾಲಿಗೆ ಜೋಡಿಸಿಬಿಡಬೇಕು.

ಸಂಖ್ಯೆಯನ್ನು ಸ್ಪೇಸ್ ಮಾಡುವ ಮೊದಲು ಒಂದು ಮಟ್ಟಕ್ಕೆ ಎಷ್ಟು ಸ್ಪೇಸ್ ಎಂದು ಆರಿಸಬೇಕು. ಕಾಮನ್‌ಮಾರ್ಕ್‌ಗೆ ಎರಡು ಸಾಕು. ಆದರೆ ಪೈಥಾನ್-ಮಾರ್ಕ್‌ಡೌನ್ ಎಂಬ ತಂತ್ರಾಂಶವೂ ಅದರ ಮೇಲೆ ನಿಂತಿರುವ ಎಂಕೆಡಾಕ್ಸ್ ಕೂಡ ನಾಲ್ಕು ಸ್ಪೇಸ್ ಕೇಳುತ್ತವೆ. ಅಲ್ಲಿ ಎರಡು ಸ್ಪೇಸ್‌ನ ಜಿಲ್ಲೆಗಳು ವಿಭಾಗಗಳ ಸಮಕ್ಕೇ ಬಂದುಬಿಡುತ್ತವೆ. ನಾಲ್ಕು ಸ್ಪೇಸ್‌ನ ಪಟ್ಟಿಯಾದರೆ ಎರಡೂ ಕಡೆ ಸರಿಯಾಗಿ ಓದಿಕೊಳ್ಳುತ್ತದೆ, ಏಕೆಂದರೆ ಮೇಲಿನ ಪಠ್ಯ ಶುರುವಾಗುವ ಸ್ಥಾನದಿಂದ ಅದು ಪ್ರತಿ ಮಟ್ಟದಲ್ಲೂ ಎರಡೇ ಸ್ಥಾನ ಮುಂದಿರುತ್ತದೆ, ನಾಲ್ಕರ ಮಿತಿಯನ್ನು ಮುಟ್ಟುವುದಿಲ್ಲ. ಪಟ್ಟಿ ಎಲ್ಲಿಗೆ ಹೋಗುತ್ತದೆಂದು ಖಚಿತವಿಲ್ಲದಿದ್ದಾಗ ನಾಲ್ಕನ್ನು ಆರಿಸುವುದು ಕ್ಷೇಮ. ಮುಂದಿನ ಕೆಲಸಕ್ಕೆ ಸಾಮಾನ್ಯ ಹುಡುಕು-ಬದಲಿಸು ಸೌಲಭ್ಯವೇ ಸಾಕು, ನೋಟ್‌ಪ್ಯಾಡ್‌ನಲ್ಲೂ ಆಗುತ್ತದೆ. ಕೊನೆಯ ಸ್ಪೇಸ್ ಸಮೇತ `@2 ` ಇರುವಲ್ಲೆಲ್ಲ ಎಂಟು ಸ್ಪೇಸ್, ಹೈಫನ್, ಒಂದು ಸ್ಪೇಸ್. `@1 ` ಇರುವಲ್ಲಿ ನಾಲ್ಕು ಸ್ಪೇಸ್, ಹೈಫನ್, ಒಂದು ಸ್ಪೇಸ್. `@0 ` ಇರುವಲ್ಲಿ ಹೈಫನ್ ಮತ್ತು ಸ್ಪೇಸ್ ಮಾತ್ರ. ಮೂರು ಬದಲಾವಣೆಗೆ ಪಟ್ಟಿ ಸಿದ್ಧ:

```
- ಬೆಳಗಾವಿ ವಿಭಾಗ
    - ಉತ್ತರ ಕನ್ನಡ
        - ಶಿರಸಿ
        - ಕುಮಟಾ
    - ಧಾರವಾಡ
        - ಕುಂದಗೋಳ
- ಬೆಂಗಳೂರು ವಿಭಾಗ
    - ಶಿವಮೊಗ್ಗ
        - ಸಾಗರ
        - ಸೊರಬ
```

ಎಲ್ಲ ಮಟ್ಟಕ್ಕೂ ಹೈಫನ್ ಒಂದನ್ನೇ ಬಳಸಿದ್ದಕ್ಕೆ ಕಾರಣವಿದೆ. ಒಂದೇ ಮಟ್ಟದ ಅಂಶಗಳಲ್ಲಿ ಕೆಲವಕ್ಕೆ ಹೈಫನ್, ಕೆಲವಕ್ಕೆ ನಕ್ಷತ್ರ ಹಾಕಿದರೆ ಕಾಮನ್‌ಮಾರ್ಕ್ ಗುರುತು ಬದಲಾದಲ್ಲಿ ಹಳೆಯ ಪಟ್ಟಿ ಮುಗಿದು ಹೊಸತು ಶುರುವಾಯಿತು ಎಂದು ತಿಳಿಯುತ್ತದೆ. ವರ್ಡ್ ತಾನಾಗಿ ಉದ್ದ ಮಾಡಿದ ಹೈಫನ್ ಗುರುತೇ ಅಲ್ಲ.

ಅಂಕಿ ಹಾಕಿದ ಪಟ್ಟಿಯಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. `1.` ಮತ್ತು ಅದರ ಪಕ್ಕದ ಸ್ಪೇಸ್ ಸೇರಿ ಮೂರು ಸ್ಥಾನ, ಆದ್ದರಿಂದ ಅದರೊಳಗಿನ ಅಂಶಕ್ಕೆ ಎರಡು ಸ್ಪೇಸ್ ಸಾಲದು, ಕನಿಷ್ಠ ಮೂರು ಬೇಕು; `10.` ಆದಾಗ ನಾಲ್ಕು. ಒಂಬತ್ತರವರೆಗೆ ನೆಟ್ಟಗಿದ್ದ ಪಟ್ಟಿ ಹತ್ತನೆಯ ಅಂಶದಲ್ಲಿ ಇದ್ದಕ್ಕಿದ್ದಂತೆ ಕೆಟ್ಟರೆ ಕಾರಣ ಇದೇ. ಸ್ಪೇಸ್ ಸಾಲದಿದ್ದಾಗ ಒಳಗಿನ ಬುಲೆಟ್‌ಗಳು ಹೊರಗೆ ಬಂದು ಅಂಕಿಗಳ ಪಟ್ಟಿಯನ್ನು ತುಂಡು ಮಾಡುತ್ತವೆ. ಪ್ರತಿ ಅಂಶಕ್ಕೂ `1.` ಎಂದೇ ಬರೆದು ಎಣಿಕೆಯನ್ನು ತಂತ್ರಾಂಶಕ್ಕೆ ಬಿಡುವ ರೂಢಿ ಇರುವವರಿಗೆ ಆಗ ಪುಟದ ತುಂಬ ಒಂದು, ಒಂದು, ಒಂದು ಎಂದೇ ಕಾಣುತ್ತದೆ. ಇಲ್ಲೂ ನಾಲ್ಕು ಸ್ಪೇಸ್ ಬಿಟ್ಟರೆ ತೊಂಬತ್ತೊಂಬತ್ತನೆಯ ಅಂಶದವರೆಗೆ ತಾಪತ್ರಯವಿಲ್ಲ. ಕನ್ನಡ ಅಂಕಿಯಲ್ಲಿ ‘೧.’ ಎಂದು ಬರೆದದ್ದನ್ನು ಕಾಮನ್‌ಮಾರ್ಕ್ ಪಟ್ಟಿಯೆಂದು ಗುರುತಿಸುವುದಿಲ್ಲ. ಅದು ಒಪ್ಪುವುದು 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ಅಂಥ ಪಟ್ಟಿಯನ್ನು ಮೊದಲು ಆ ಅಂಕಿಗಳಿಗೆ ತಂದುಕೊಂಡೇ ಮುಂದುವರಿಯಬೇಕು.

ದುರಸ್ತಿಯಾದದ್ದನ್ನು ಪರೀಕ್ಷಿಸಲು ಪಠ್ಯವನ್ನಲ್ಲ, ಅದರ ಪೂರ್ವವೀಕ್ಷಣೆಯನ್ನು ನೋಡಬೇಕು. ಬ್ರೌಸರ್‌ಗಳು ಸಾಮಾನ್ಯವಾಗಿ ಮೊದಲ ಮಟ್ಟಕ್ಕೆ ತುಂಬಿದ ಉಂಡೆ, ಎರಡನೆಯದಕ್ಕೆ ಬಳೆ, ಮೂರನೆಯದಕ್ಕೆ ಚೌಕ ತೋರಿಸುವುದರಿಂದ ತಾಲ್ಲೂಕುಗಳ ಮುಂದೆಲ್ಲ ಚೌಕವಿದೆಯೇ ಎಂದು ಕಣ್ಣಾಡಿಸಿದರೆ ಸಾಕು. ಮಾರ್ಕ್‌ಡೌನ್‌ಲಿಂಟ್ ಎಂಬ ಪರೀಕ್ಷಕ ತಂತ್ರಾಂಶವೂ ಇದೆ: ಒಂದೇ ಮಟ್ಟದ ಅಂಶಗಳ ಇಂಡೆಂಟ್ ಬೇರೆಯಾಗಿದ್ದರೆ `MD005`, ನಿಗದಿತ ಅಳತೆ ತಪ್ಪಿದ್ದರೆ `MD007` ಎಂಬ ಎಚ್ಚರಿಕೆ ಕೊಡುತ್ತದೆ. ಅದು ಮೊದಲೇ ಎಣಿಸಿಕೊಂಡಿರುವ ಅಳತೆ ಎರಡು ಸ್ಪೇಸ್. ನಾಲ್ಕರ ಪಟ್ಟಿ ಬರೆದವರು ಆ ಸಂಖ್ಯೆಯನ್ನು ಅದರ ಹೊಂದಾಣಿಕೆಯಲ್ಲಿ ಬದಲಿಸಿಕೊಳ್ಳಬೇಕು. ಸೊರಬವನ್ನು ಜಿಲ್ಲೆಗಳ ಸಾಲಿನಲ್ಲಿ ಅಚ್ಚುಕಟ್ಟಾಗಿ ನಾಲ್ಕು ಸ್ಪೇಸ್‌ಗೆ ಕೂರಿಸಿದರೆ ಈ ತಂತ್ರಾಂಶ ಏನೂ ಹೇಳುವುದಿಲ್ಲ. ಆ ತಪ್ಪು ಹಿಡಿಯಲು ವಿಷಯ ಬಲ್ಲವರೊಬ್ಬರು ಪಟ್ಟಿಯನ್ನು ಓದಲೇಬೇಕು.